ಎಂಟು ದಿನ ಚೀಲದಲ್ಲಿದ್ದ ಪತ್ರ

ಮೊನ್ನೆ ಊಟಕ್ಕೆ ಕುಳಿತಾಗ ನಿನ್ನ ಫೋನು ಎರಡು ಸಲ ಬಡಿದುಕೊಂಡಿತು. ನೀನು ಅದನ್ನು ಎತ್ತಲಿಲ್ಲ, ಬೋರಲು ಹಾಕಿ ರೊಟ್ಟಿ ಮುರಿದೆ. ಯಾರದು ಎಂದು ನಾನು ಕೇಳಿದೆ.

"ಆ ಇನ್ನೊಂದು ಕಂಪನಿಯವರು, ಅಜ್ಜಿ. ನಾ ಬ್ಯಾರೆ ಕಡೆ ಹೂಂ ಅಂದು ಸಹಿ ಮಾಡಿ ಆಗೇತಿ. ಎತ್ತಲಿಲ್ಲಂದ್ರ ತಾವ ತಿಳ್ಕೋತಾರ ಬಿಡು."

ನಿನ್ನ ತಮ್ಮ ನಕ್ಕ. ಎದುರಿಗೆ ಕೂತು ಹೇಳುವ ಬಾಯಿ ನನಗೆ ಯಾವತ್ತೂ ಇರಲಿಲ್ಲ, ನಿಮಗಿಬ್ಬರಿಗೂ ಅದು ಗೊತ್ತು. ಬರೆಯುವುದಾದರೆ ಆದೀತು ಎಂದು ನಿನ್ನ ಹಳೆಯ ನೋಟುಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಊರ ಸಾಲೆಯಲ್ಲಿ ಹತ್ತನೆಯ ಇಯತ್ತೆಯವರೆಗೆ ಕಲಿತವಳ ಬರಹ. ತಪ್ಪಿದ್ದರೆ ತಿದ್ದಿಕೊಂಡು ಓದಿ.

"ತಾವ ತಿಳ್ಕೋತಾರ" ಎಂಬ ಮಾತನ್ನು ನಾನು ಹಿಂದೆ ಒಮ್ಮೆ ಕೇಳಿದ್ದೆ, ಕೇಳಿ ನಂಬಿದ್ದೆ. ಅದರಿಂದ ಒಬ್ಬ ಹೆಣ್ಣುಮಗಳ ತಲೆಯ ಮೇಲಿನ ಸೂರು ಹೋಯಿತು. ನಿಮ್ಮವ್ವನಿಗೆ ಅರ್ಧ ಗೊತ್ತು. ಉಳಿದರ್ಧ ಯಾರಿಗೂ ಗೊತ್ತಿಲ್ಲ.

ನಿಮ್ಮಜ್ಜ ತೀರಿಕೊಂಡು ವರ್ಷ ಕಳೆದಿತ್ತು. ನಾನು ಊರು ಬಿಟ್ಟು ಹುಬ್ಬಳ್ಳಿಗೆ, ನಿಮ್ಮ ಮನೆಗೆ ಬಂದಿದ್ದೆ. ನೀವಿಬ್ಬರೂ ಸಾಲೆಗೆ ಹೋದಮೇಲೆ ಮನೆ ಗಪ್ಪಾಗುತ್ತಿತ್ತು. ಮಗಳ ಮನೆಯಲ್ಲಿ ಕೂತು ಉಣ್ಣುವುದು ನನಗೆ ಕಸಿವಿಸಿ. ನಿಮ್ಮಪ್ಪ ಒಂದು ದಿನವೂ ಒಂದು ಮಾತು ಆಡಿದವರಲ್ಲ, ಆದರೂ ತಾಟಿನಲ್ಲಿ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲು ನನಗೆ ಕೈ ಮುಂದೆ ಬರುತ್ತಿರಲಿಲ್ಲ. ಕೆಲಸ ನೋಡುತ್ತೇನೆ ಎಂದೆ. ನಿಮ್ಮವ್ವ ಆಗಲೇ ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯ ಆಫೀಸಿನಲ್ಲಿದ್ದಳು. ಕೆಲಸ ಕೇಳಿ ಬಂದವರ ಅರ್ಜಿಗಳನ್ನು ಜೋಡಿಸಿ ಇಡುವುದು, ಅವರಿಗೆ ಫೋನು ಮಾಡುವುದು ಅವಳ ಕೆಲಸವಾಗಿತ್ತು. ಅವಳೇ ನನ್ನ ಹೆಸರಿನಲ್ಲಿ ಎರಡು ಅರ್ಜಿ ಬರೆಸಿದಳು. ಒಂದು ಧಾರವಾಡದ ಸಪ್ತಾಪುರದಲ್ಲಿ ಒಂದು ಸಂಸ್ಥೆ ನಡೆಸುತ್ತಿದ್ದ ಹುಡುಗಿಯರ ಹಾಸ್ಟೆಲ್ಲಿಗೆ, ಮೇಟ್ರನ್ ಅಂತ. ಇನ್ನೊಂದು ಗೋಕುಲ ರಸ್ತೆಯಲ್ಲಿ ಸಾಲೆಯ ಯೂನಿಫಾರ್ಮ್ ಹೊಲಿಯುವ ಘಟಕಕ್ಕೆ. ಹೊಲಿದ ಬಟ್ಟೆಗಳ ಗುಂಡಿ, ಕಾಜಾ, ಅಂಚು ನೋಡಿ ಪಾಸು ಮಾಡುವ ಕೆಲಸ.

ಹಾಸ್ಟೆಲ್ಲಿನ ಸಂದರ್ಶನ ಒಂದು ಸೋಮವಾರ. ಹೊರಗಿನ ಬೆಂಚಿನ ಮೇಲೆ ಏಳೆಂಟು ಹೆಂಗಸರಿದ್ದೆವು. ನನ್ನ ಮಗ್ಗುಲಿಗೆ ಕೂತವಳಿಗೆ ನಲವತ್ತರ ಆಸುಪಾಸು. ಇಸ್ತ್ರಿ ಮಾಡಿದ ಹಳೆಯ ಸೀರೆ, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ನನ್ನ ಕೊರಳು ನೋಡಿದಳು, ನಾನು ಅವಳ ಕೊರಳು ನೋಡಿದೆ. ಇಬ್ಬರದೂ ಖಾಲಿ.

"ಅಕ್ಕಾ, ನಿಮಗ ಇರಾಕ ಮನಿ ಐತೇನ್ರಿ?" ಅಂದಳು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಮೊದಲು ಇದನ್ನೇ ಕೇಳಿದಳು.

"ಮಗಳ ಮನ್ಯಾಗ ಅದೇನಿ."

"ಹಂಗಾರ ನೀವು ಶ್ರೀಮಂತರು." ನಕ್ಕಳು. "ನಾ ಅಣ್ಣನ ಮನ್ಯಾಗ ಅದೇನ್ರಿ. ವೈನಿ ನನ್ನ ಮತ್ತ ಮಗಳ ತಾಟು ಬ್ಯಾರೆ ಇಟ್ಟಾಳ. ನಾಯಿ ತಾಟಿನ ಬಾಜೂಕ. ಈ ತಿಂಗಳ ಕಡೀಗೆ ಜಾಗಾ ಖಾಲಿ ಮಾಡ್ರಿ ಅಂದಾಳ. ಈ ಕೆಲಸದ ಕೂಡ ಇರಾಕ ಒಂದು ಖೋಲಿ ಕೊಡ್ತಾರಂತಲ್ರಿ, ಅದಕ್ಕ ಬಂದೇನಿ. ಮೇಟ್ರನ್ ಅನ್ರಿ, ಕಸಾ ಹೊಡಿಯಾಕಿ ಅನ್ರಿ, ಏನರ ಅನ್ರಿ. ಖೋಲಿ ಕೊಟ್ರ ಸಾಕು. ಮಗಳು ಎಂಟನೇ ಇಯತ್ತೇದಾಗ ಅದಾಳ, ಅಲ್ಲೇ ಹತ್ರದ ಸಾಲಿಗೆ ಹಾಕ್ತೇನಿ."

ಅವಳು ಹಿಂದೆ ಎಲ್ಲೆಲ್ಲಿ ದುಡಿದಿದ್ದಳೆಂದು ಹೇಳಿದಳು. ಒಂದು ಆಸ್ಪತ್ರೆಯಲ್ಲಿ ಆಯಾ, ಆಮೇಲೆ ಹೊಲಿಗೆಯ ಘಟಕದಲ್ಲಿ ನಾಲ್ಕು ವರ್ಷ, ಅದು ಮುಚ್ಚಿದ ಮೇಲೆ ಯಾರದೋ ಮನೆಯಲ್ಲಿ ಅಡುಗೆ. ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ನನಗೆ ಕೊಟ್ಟಳು. ಬ್ಯಾಡ ಎಂದರೂ ಕೇಳಲಿಲ್ಲ. "ತಿನ್ರಿ ಅಕ್ಕಾ, ಹೊಟ್ಟಿ ಗುರ್ ಅಂದ್ರ ಒಳಗಿನವರಿಗೆ ಕೇಳಸ್ತದ" ಅಂದಳು. ನಗು ಬಂತು. ಆ ಮುಂಜಾನೆಯಿಂದ ನನ್ನ ಎದೆ ಮೊದಲ ಸಲ ಹಗುರಾಯಿತು. ಇಬ್ಬರೂ ಫೋನ್ ನಂಬರು ಕೊಟ್ಟುಕೊಂಡೆವು.

ಒಳಗೆ ಎಲ್ಲರೂ ಬಾಯಾರು ಎಂದು ಕರೆಯುವ ಸಂಸ್ಥೆಯ ಕಾರ್ಯದರ್ಶಿ ಹೆಣ್ಣುಮಗಳು ಮತ್ತು ಇಬ್ಬರು ಗಂಡಸರು ಕೂತಿದ್ದರು. ನನಗೆ ಮಾತೇ ಹೊರಡಲಿಲ್ಲ. ಅದೇ ಅವರಿಗೆ ಸೇರಿತೆಂದು ಕಾಣುತ್ತದೆ. ಸಂಜೆಗೆ ಗುಮಾಸ್ತರು ಹೊರಗೆ ಬಂದು, ನಮ್ಮಿಬ್ಬರನ್ನು ಉಳಿಸಿಕೊಂಡು ಬಾಕಿಯವರನ್ನು ಕಳಿಸಿದರು. ಕನ್ನಡಕದ ಮೇಲಿನಿಂದ ನೋಡಿ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಯಾದ್ಯಾಗ ಮೊದಲನೇ ಹೆಸರು ಇವರದು, ಎರಡನೇದು ಇವರದು. ಬರೋ ಸೋಮವಾರ ಕಮಿಟಿ ಮೀಟಿಂಗ್ ಐತಿ. ಮೊದಲನೇದವರು ಒಲ್ಲೆ ಅನ್ನೋರಿದ್ರ ಅದರ ಒಳಗ ಬರದು ಕೊಡ್ರಿ, ಎರಡನೇದವರನ್ನ ಮ್ಯಾಲ ತಗೋತೀವಿ. ಮೀಟಿಂಗ್ ಮುಗಿದು ಆರ್ಡರ್ ಹೊಂಟಿತು ಅಂದ್ರ ಈ ಯಾದಿ ಮುಗೀತು. ಆಮ್ಯಾಲ ಒಲ್ಲೆ ಅಂದ್ರ ಹೊಸಾ ಜಾಹೀರಾತು, ಹೊಸಾ ಅರ್ಜಿ. ನಂತರ ನನ್ನ ಕೇಳಬ್ಯಾಡ್ರಿ."

ಅವಳು ನನ್ನ ಕೈ ಹಿಡಿದಳು. "ನಿಮಗ ಆತಲ್ರಿ ಅಕ್ಕಾ, ಛಲೋ ಆತು" ಅಂದಳು. ಅವಳ ಕೈ ಮಾತ್ರ ತಣ್ಣಗಿತ್ತು.

ಬುಧವಾರ ಗೋಕುಲ ರಸ್ತೆಯ ಘಟಕದಿಂದ ಕರೆ ಬಂತು. ಹೋದೆ. ಆರ್ಡರಿನ ಕಾಗದ ಕೈಗೆ ಕೊಟ್ಟರು, ಓದಿಸಿದರು, ಒಪ್ಪಿಗೆಯೆಂದು ಸಹಿ ಮಾಡಿದೆ, ಒಂದು ಪ್ರತಿ ಅವರು ಇಟ್ಟುಕೊಂಡರು. ಮೊದಲ ತಿಂಗಳು ಕೆಲಸ ನೋಡುತ್ತೇವೆ, ಸರಿ ಅನಿಸಿದರೆ ಮುಂದುವರಿಸುತ್ತೇವೆ ಎಂದು ಅದರಲ್ಲಿತ್ತು. ನಿಮ್ಮ ಮನೆಗೆ ಹತ್ತಿರ, ನಡೆದುಕೊಂಡು ಹೋಗಿ ಬರಬಹುದು, ಸಂಜೆಗೆ ನಿಮ್ಮ ಮುಖ ನೋಡಬಹುದು. ನನಗೆ ಬೇಕಾದದ್ದು ಇದೇ ಆಗಿತ್ತು.

ಸಂಜೆ ನಿಮ್ಮವ್ವ ಬಂದವಳೇ ಚಹಾ ಕುಡಿಯುವ ಮೊದಲೇ ಕೇಳಿದಳು. "ಆರ್ಡರ್ ಕೈಯಾಗ ಬಂತಿಲ್ಲೋ? ಬರೇ ಬಾಯಿಮಾತಲ್ಲ ಹೌದಿಲ್ಲೋ?"

"ಬಂದೈತಿ. ಸಹಿನೂ ಮಾಡೇನಿ."

"ಹಂಗಾರ ಹಾಸ್ಟೆಲ್ಲಿನವರಿಗೆ ಈಗ ತಿಳಸು. ಇವತ್ತ. ಮೊದಲ ಒಂದು ಫೋನು, ಆಮ್ಯಾಲ ಬರದು ಕೊಡೂದು. ನಮ್ಮ ಆಫೀಸಿನ್ಯಾಗ ಹಿಂಗ ಎಷ್ಟು ಮಂದಿ ಬಾಯಿ ಮುಚ್ಚಿಕೊಂಡು ಕೂಡ್ತಾರ ಗೊತ್ತೇನವ್ವಾ? ಯಾದ್ಯಾಗ ಅವರ ಹಿಂದ ಇದ್ದವರ ಹೆಸರು ನನ್ನ ಡ್ರಾವರಿನ್ಯಾಗ ಕೊಳೀತಾವ."

ಅವಳು ಹೇಳಿದಳು, ನಾನು ಬರೆದೆ. ನಾನು ಮೊದಲು ಒಂದು ಪುಟ ಬರೆದಿದ್ದೆ. ನಿಮ್ಮಜ್ಜ ಹೋದದ್ದು, ಮೊಮ್ಮಕ್ಕಳು, ಮಂಡಿ ನೋವು, ಕ್ಷಮಿಸಿರಿ, ಕ್ಷಮಿಸಿರಿ ಎಂದು ನಾಲ್ಕು ಸಲ. ಅವಳು ಅದನ್ನು ತೆಗೆದು ಪಕ್ಕಕ್ಕಿಟ್ಟಳು. "ಅವರಿಗೆ ನಿನ್ನ ಕಥಿ ಬ್ಯಾಡವ್ವಾ. ಯಾವ ಕೆಲಸ, ಯಾವತ್ತು ಸಂದರ್ಶನ, ನೀ ಬರೂದಿಲ್ಲ ಅನ್ನೂದು, ಕರದದ್ದಕ್ಕ ಉಪಕಾರ. ಇಷ್ಟ. ಎಲ್ಲಿ ಸೇರಿದಿ, ಅಲ್ಲಿ ಎಷ್ಟು ಕೊಡ್ತಾರ, ಅದನ್ನ ಬರೀಬ್ಯಾಡ. 'ನೋಡೋಣ', 'ಆದ್ರ' ಅಂತ ಅಂತೂ ಬರೀಲೇ ಬ್ಯಾಡ. ಓದಿದವರಿಗೆ ಅನುಮಾನ ಉಳೀಬಾರ್ದು."

ಪತ್ರ ಇಷ್ಟೇ ಆಯಿತು:

"ಮಾನ್ಯರೆ, ಕಳೆದ ಸೋಮವಾರ ಮೇಟ್ರನ್ ಹುದ್ದೆಯ ಸಂದರ್ಶನಕ್ಕೆ ನನ್ನನ್ನು ಕರೆದು, ಆಯ್ಕೆಯ ಯಾದಿಯಲ್ಲಿ ಸೇರಿಸಿದ್ದಕ್ಕೆ ಕೃತಜ್ಞಳಾಗಿದ್ದೇನೆ. ನಾನು ಬೇರೆ ಕಡೆ ಕೆಲಸ ಒಪ್ಪಿಕೊಂಡಿದ್ದೇನೆ. ಆದ್ದರಿಂದ ನನ್ನ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆ. ದಯವಿಟ್ಟು ನನ್ನ ಹೆಸರನ್ನು ಯಾದಿಯಿಂದ ತೆಗೆಯಬೇಕು. ತಮ್ಮ ಸಂಸ್ಥೆಗೆ ಒಳ್ಳೆಯದಾಗಲಿ."

ಕೆಳಗೆ ಸಹಿ, ಬುಧವಾರದ ತಾರೀಖು. ಅವಳು ಫೋಟೋ ತೆಗೆದು ಅವರ ಈಮೇಲಿಗೆ ಆಗಲೇ ಕಳಿಸುತ್ತೇನೆ ಎಂದಳು. ನಾನೇ ತಡೆದೆ. ರೊಟ್ಟಿ ಹಂಚಿಕೊಂಡ ಜಾಗಕ್ಕೆ, ಕುರ್ಚಿ ಕೊಟ್ಟು ಕೂಡಿಸಿದವರಿಗೆ, ಫೋಟೋ ಕಳಿಸಿ ಒಲ್ಲೆ ಎನ್ನುವುದು ಉದ್ಧಟತನ ಅನಿಸಿತು. ನಾಳೆ ನಾನೇ ಹೋಗಿ ಕೈಯಲ್ಲಿ ಕೊಡುತ್ತೇನೆ ಎಂದೆ. "ನಾಳೇನ ಹೋಗು" ಎಂದು ಎರಡು ಸಲ ಹೇಳಿ ಅವಳು ಅಡುಗೆಮನೆಗೆ ಹೋದಳು. ಪತ್ರವನ್ನು ಮಡಚಿ ಕೈಚೀಲದಲ್ಲಿಟ್ಟೆ.

ರಾತ್ರಿ ಊಟದ ಹೊತ್ತಿಗೆ ನಿಮ್ಮಜ್ಜನ ತಮ್ಮ ಬಂದ. ನಮ್ಮ ಬೀಗರು ಬಿಜ್ಜರ ಪೈಕಿ ಯಾರ ಮನೆಯ ಹೆಣ್ಣು ಗಂಡು ಕೂಡಿಸುವುದಿದ್ದರೂ ನಡುವೆ ಅವನೇ. ಮಾತಿನಲ್ಲಿ ಅವನನ್ನು ಗೆದ್ದವರಿಲ್ಲ. ಎರಡೂ ಕಡೆ ಆಯಿತೆಂದು ಕೇಳಿ ಗಹಗಹಿಸಿ ನಕ್ಕ.

"ಎರಡೂ ಕಡಿಂದ ಬೇಡಿಕಿ ಬಂತಲ್ರಿ ವೈನಿ, ಈ ವಯಸ್ಸಿನ್ಯಾಗ!" ಪತ್ರದ ಸುದ್ದಿ ಕೇಳಿ ನಗು ನಿಲ್ಲಿಸಿದ. "ಹುಚ್ಚರ ಗತೆ ಮಾಡಬ್ಯಾಡ್ರಿ. ಕನ್ಯಾ ನೋಡಿ ಹೋದವರು ಯಾವತ್ತರ ನಿಮ್ಮ ಹುಡುಗಿ ಒಲ್ಲೆ ಅಂತ ಕಾಗದಾ ಬರದಾರೇನು? ಸುಮ್ಮನಿರತಾರ. ಹುಡುಗಿ ಕಡೆಯವರು ತಾವ ತಿಳ್ಕೋತಾರ. ಅದು ಮರ್ಯಾದಿ. ಈ ಗೋಕುಲ ರೋಡಿನವರು ತಿಂಗಳ ನೋಡ್ತೀವಿ ಅಂದಾರ. ನಾಳೆ ಕೈ ಎತ್ತಿದ್ರ? ಆ ಖೋಲಿ ಇರಲಿ. ನಿಮ್ಮ ಬಾಯಿಂದ ಒಲ್ಲೆ ಅನ್ನಬ್ಯಾಡ್ರಿ."

"ಸೋಮವಾರದೊಳಗ ಹೇಳ್ರಿ ಅಂದಾರ. ಹಿಂದ ಒಬ್ಬಾಕಿ ಅದಾಳ" ಎಂದೆ, ತಾಟು ನೋಡುತ್ತ.

"ಆಕೀ ದೈವಾ ಆಕೀ ನೋಡ್ಕೋತಾಳ. ನೀವೇನು ಆಕೀನ್ನ ಹಡದೀರೇನು?"

ಹೆಣ್ಣು ನೋಡಿ ಹೋದವರು ಸುಮ್ಮನಿರುವುದು ಎಂಥ ಮರ್ಯಾದೆ ಎಂದು ಅವನಿಗೆ ಹೇಳಬಹುದಿತ್ತು. ನನ್ನನ್ನು ನೋಡಲು ಮೊದಲು ಬಂದವರು ಉಪ್ಪಿಟ್ಟು ತಿಂದು, ನನ್ನ ಕೈಬರಹ ನೋಡಿ ಛಲೋ ಐತಿ ಎಂದು ಹೋದವರು ಮರಳಿ ಸೊಲ್ಲೆತ್ತಲಿಲ್ಲ. ನಮ್ಮಪ್ಪ ನಾಲ್ಕು ತಿಂಗಳು ಪ್ರತಿ ಸಂತೆಯಲ್ಲಿ ಆ ಊರಿನವರನ್ನು ಹುಡುಕಿ ಮಾತಾಡಿಸುತ್ತಿದ್ದರು. ನಡುವೆ ಇನ್ನೊಂದು ಕಡೆಯವರು ಬಂದರೆ "ಅವರು ಇನ್ನೂ ಒಲ್ಲೆ ಅಂದಿಲ್ಲಲ್ಲ" ಎಂದು ತಿರುಗಿಸಿ ಕಳಿಸಿದರು. ಕಡೆಗೆ ಆ ಹುಡುಗನ ಮದುವೆಯೇ ಆಗಿಹೋಗಿದೆ ಎಂದು ಬಳೆಗಾರನಿಂದ ತಿಳಿಯಿತು. ನಮ್ಮಪ್ಪ ಅಂದು ಹಿತ್ತಲ ಬಾಗಿಲಲ್ಲಿ ಕೂತ ರೀತಿ ನನಗೆ ಗೊತ್ತು. ಗೊತ್ತಿದ್ದೂ ಬಾಯಿ ತೆರೆಯಲಿಲ್ಲ.

ಇಷ್ಟರವರೆಗೆ ನಿಮ್ಮವ್ವನಿಗೂ ಗೊತ್ತು. ಅಜ್ಜಿಗೆ ಸಂಕೋಚ, ಅದಕ್ಕೆ ತಡವಾಯಿತು ಎಂದು ಅವಳು ಇಂದಿಗೂ ನಂಬಿದ್ದಾಳೆ. ಅದು ಖರೆ ಅಲ್ಲ. ಮೈದುನನ ಮಾತು ನನಗೆ ಹಿಡಿಸಿತು. ಒಂದು ಕಡೆ ಕೆಲಸ, ಇನ್ನೊಂದು ಕಡೆ ಕೀಲಿ ಹಾಕಿಟ್ಟ ಖೋಲಿ, ಎರಡೂ ನನ್ನವು. ನನ್ನ ಜೀವನದಲ್ಲಿ ಅಷ್ಟು ದಿನಕ್ಕೆ ಮೊದಲ ಸಲ ಇಬ್ಬರು ನನಗಾಗಿ ಕಾಯುತ್ತಿದ್ದರು. ಅದು ಒಳಗೊಳಗೇ ರುಚಿಯಾಗಿತ್ತು.

ಗುರುವಾರ ಘಟಕಕ್ಕೆ ಹೋಗಿ ಕೆಲಸ ಹಿಡಿದೆ. ಹಾಸ್ಟೆಲ್ಲಿಗೆ ಹೋಗಿದ್ದೆಯಾ ಎಂದು ಸಂಜೆ ನಿಮ್ಮವ್ವ ಕೇಳಿದಳು. ಹೂಂ ಎಂದೆ. ಮಗಳಿಗೆ ಹೇಳಿದ ಸುಳ್ಳು. ಶುಕ್ರವಾರವೂ ಪತ್ರ ಚೀಲದಲ್ಲೇ, ಡಬ್ಬಿಯ ಕೆಳಗೆ.

ಶನಿವಾರ ಮಧ್ಯಾಹ್ನ ಬೆಂಚಿನ ಮೇಲೆ ರೊಟ್ಟಿ ಕೊಟ್ಟವಳ ಫೋನು ಬಂತು. ನಾನು ಘಟಕದ ದೊಡ್ಡ ಹಾಲಿನ ಮೂಲೆಯಲ್ಲಿ ಸಾಲೆಯ ಅಂಗಿಗಳ ರಾಶಿಯ ಹಿಂದೆ ನಿಂತಿದ್ದೆ. ಹಾಲಿನ ತುಂಬ ಮಿಶನ್ನುಗಳು ಓಡುತ್ತಿದ್ದವು.

"ಅಕ್ಕಾ, ತಪ್ಪು ತಿಳ್ಕೋಬ್ಯಾಡ್ರಿ. ನೀವು ಹಾಸ್ಟೆಲ್ಲಿಗೆ ಹೋಗೋದು ಪಕ್ಕಾ ಏನ್ರಿ? ಹೋಗ್ತೇನಿ ಅಂದ್ರ ಹೋಗ್ರಿ, ನಿಮ್ಮ ಹಕ್ಕು. ನಾ ಆಸೆ ಬಿಟ್ಟು ಬ್ಯಾರೆ ದಾರಿ ನೋಡ್ತೇನಿ. ಒಂದು ಮನ್ಯಾಗ ಮುದುಕೀನ್ನ ನೋಡ್ಕೊಳ್ಳಾಕ ಕರದಾರ. ಆದ್ರ ಅಲ್ಲಿ ಮಗಳನ್ನ ಕರ್ಕೊಂಡು ಬರಬ್ಯಾಡ ಅಂತಾರ. ಅವರಿಗೆ ಇವತ್ತ ಹೇಳಬೇಕು, ಅದಕ್ಕ ಕೇಳಾಕತ್ತೇನಿ."

ಆಗ ಹೇಳಬಹುದಿತ್ತು. ಒಂದು ಮಾತು. ಕೈಚೀಲ ಮೊಳಕೈಯಲ್ಲೇ ಇತ್ತು.

"ಇನ್ನೂ ಏನೂ ಮಾಡಿಲ್ಲವಾ. ನೋಡಾಕತ್ತೇನಿ" ಎಂದೆ.

"ಅಲ್ಲಿ ಅದೇನ್ರಿ ಅಕ್ಕಾ, ಸಪ್ಪಳಾ?"

"ಮನ್ಯಾಗ ಮಿಶಿನ್ ಹೊಲಿಯಾಕತ್ತೇನಿ."

"ಹೌದೇನ್ರಿ. ಹೊಲೀರಿ, ಹೊಲೀರಿ. ನಾ ಆ ಮನೆಯವರಿಗೆ ಮಂಗಳವಾರ ಹೇಳ್ತೇನಿ ಅಂತ ಅಂತೇನಿ." ಫೋನಿಟ್ಟಳು.

ಪಕ್ಕದ ಹೆಂಗಸು ಯಾರದು ಎಂದಳು. ಪರಿಚಯದವರು ಎಂದು ಹೇಳಿ ಅಂಗಿಯ ಗುಂಡಿ ಎಣಿಸತೊಡಗಿದೆ.

ಸೋಮವಾರ ಸಭೆ ಆಯಿತು. ಆ ದಿನ ನಾನು ನಿಮಗೆ ಜುಣಕದ ವಡಿ ಮಾಡಿ ಹಾಕಿದ್ದೆ, ಅದು ನೆನಪಿದೆ. ಮತ್ತೇನೂ ನೆನಪಿಲ್ಲ.

ಬುಧವಾರ ಹಾಸ್ಟೆಲ್ಲಿನ ಗುಮಾಸ್ತರು ಫೋನು ಮಾಡಿದರು. "ನಿಮ್ಮ ಆರ್ಡರ್ ತಯಾರೈತ್ರಿ. ಬಂದು ತಗೊಂಡು ಹೋಗ್ರಿ. ಖೋಲಿಗೆ ಸುಣ್ಣಾ ಹೊಡಸೇವಿ." ಗುರುವಾರ ಅರ್ಧ ದಿನ ರಜೆ ಕೇಳಿ ಬಸ್ಸು ಹಿಡಿದು ಧಾರವಾಡಕ್ಕೆ ಹೋದೆ. ದಾರಿಯುದ್ದಕ್ಕೂ ನಾನು ಹೊಸೆದ ಉಪಾಯ ಒಂದೇ. ಪತ್ರದ ಮೇಲೆ ಹಿಂದಿನ ಬುಧವಾರದ ತಾರೀಖಿದೆ. ಅದನ್ನು ತೋರಿಸಿದರೆ ಸಭೆಗೆ ಮೊದಲು ಕೊಟ್ಟ ಹಾಗೆ ಆಗುತ್ತದೆ, ಅವಳ ಹೆಸರು ಮೇಲೆ ಬರುತ್ತದೆ, ನನ್ನ ತಪ್ಪೂ ಯಾರಿಗೂ ಕಾಣುವುದಿಲ್ಲ.

ಆಫೀಸಿನಲ್ಲಿ ಕಾರ್ಯದರ್ಶಿ ಬಾಯಾರೂ ಇದ್ದರು. ಫೀ ತುಂಬಲು ಬಂದ ಎರಡು ಹುಡುಗಿಯರು ಮತ್ತು ಅವರ ತಂದೆ ತಾಯಿ ಗೋಡೆಗೆ ಆತು ನಿಂತಿದ್ದರು. ಗುಮಾಸ್ತರು ಆರ್ಡರ್ ಮುಂದೆ ಸರಿಸಿದರು, ನಾನು ಪತ್ರ ಮುಂದೆ ಸರಿಸಿದೆ. ಡಬ್ಬಿಯ ಎಣ್ಣೆ ಒಂದು ಮೂಲೆಗೆ ಹತ್ತಿತ್ತು. ಅವರು ಅದನ್ನು ಎರಡು ಬೆರಳಿನಲ್ಲಿ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಓದಿದರು.

"ಛಲೋ ಬರದೀರಿ. ಒಂದು ತಪ್ಪಿಲ್ಲ. ಹೋದ ವಾರದ ಬುಧವಾರ ಬರದದ್ದು. ಹುಬ್ಬಳ್ಳಿಂದ ಧಾರವಾಡಕ್ಕ ನಡಕೋತ ಬಂದ್ರೇನ್ರಿ?"

ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು.

"ಅದು ಸೋಮವಾರಕ್ಕಿಂತ ಮೊದಲಿಂದೈತ್ರಿ. ತಾರೀಖು ನೋಡ್ರಿ. ಹಂಗ ತಿಳ್ಕೊಂಡು ಎರಡನೇದಾಕಿಗೆ ಕೊಡ್ರಿ" ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು.

ಅವರು ಡ್ರಾವರಿನಿಂದ ಶಿಕ್ಕಾ ತೆಗೆದು ಪತ್ರದ ಮೇಲೆ ಒತ್ತಿದರು. "ಪತ್ರದ ಮ್ಯಾಲಿನ ತಾರೀಖು ನಿಮ್ದು. ಶಿಕ್ಕಾದ ತಾರೀಖು ನಮ್ದು. ನಮಗ ಇವತ್ತ ಬಂದೈತಿ. ಈಮೇಲ್ ಮಾಡಿದ್ರ ಆ ತಾರೀಖರ ಇರತಿತ್ತು. ಫೋನರ ಮಾಡಿದ್ರ ಬಾಯಾರಿಗೆ ಹೇಳ್ತಿದ್ದೆ, ಸೋಮವಾರ ಮುಂಜಾನೆ ಬಂದು ಕೊಡ್ರಿ ಅಂತಿದ್ದೆ. ಯಾದಿ ಮುಗೀತು."

ಬಾಯಾರು ಅಲ್ಲಿಯವರೆಗೆ ತಲೆ ಎತ್ತಿರಲಿಲ್ಲ. ಈಗ ಎತ್ತಿದರು.

"ಆ ಹೆಣ್ಣುಮಗಳು ಸೋಮವಾರ ಮೀಟಿಂಗ್ ಮುಗಿಯೂತನಕ ಗೇಟಿನ್ಯಾಗ ನಿಂತಿದ್ಲು. ಮಗಳನ್ನೂ ಕರ್ಕೊಂಡು ಬಂದಿದ್ಲು. ಅವರಿಂದ ಏನರ ಕಾಗದಾ ಬಂದೈತೇನ್ರಿ ಅಂತ ಮೂರು ಸಲ ಒಳಗ ಬಂದು ಕೇಳಿದ್ಲು. ಇಲ್ಲವಾ, ಅವರು ಬರೋರದಾರ ಅಂತ ನಾನ ಕಳಿಸಿದೆ." ಕನ್ನಡಕ ತೆಗೆದರು. "ನೂರು ಹುಡುಗ್ಯಾರನ್ನ ನಿಮ್ಮ ಕೈಯಾಗ ಕೊಡೋರಿದ್ವಿ ನಾವು. ಮಾತು ಕಡಿಮಿ, ಮನುಷ್ಯಾಳು ಛಲೋ ಅಂತ ನಾನ ನಿಮ್ಮ ಹೆಸರು ಮೊದಲ ಬರಸಿದ್ದೆ. ನೀವು ಬರಲಿಲ್ಲ, ನಮ್ಮ ಪುಣ್ಯಾ. ಹೋಗ್ರಿ."

ಗುಮಾಸ್ತರು ಶಿಕ್ಕಾ ಒತ್ತಿದ ಪತ್ರದ ಝೆರಾಕ್ಸ್ ಕೈಗೆ ಕೊಟ್ಟರು. ಪಡೆದದ್ದಕ್ಕೆ ಗುರುತು, ಇಟ್ಟುಕೊಳ್ಳಿರಿ ಎಂದರು. ಅದು ಅವರ ನಿಯಮ. ನನಗೆ ಅದು ಕೆನ್ನೆಗೆ ಕೊಟ್ಟ ಹಾಗಾಯಿತು.

ಹೊರಗೆ ಬಂದು, ಅದೇ ಬೆಂಚಿನ ಮೇಲೆ ಕೂತು, ಅವಳಿಗೆ ಫೋನು ಮಾಡಿದೆ. ಬೇರೆ ಕಡೆ ಸೇರಿದ್ದೇನೆ, ಹೇಳಲು ತಡವಾಯಿತು, ಹೊಸ ಜಾಹೀರಾತು ಬಂದಾಗ ಮತ್ತೆ ಅರ್ಜಿ ಹಾಕು ಎಂದೆ. ಅವಳು ಕೊನೆಯವರೆಗೆ ಕೇಳಿಸಿಕೊಂಡಳು.

"ನನಗ ಶನಿವಾರನ ಗೊತ್ತಾತ್ರಿ ಅಕ್ಕಾ. ನಾ ನಾಲ್ಕು ವರ್ಷ ಹಾಲಿನ್ಯಾಗ ಕೂತು ಹೊಲದಾಕಿ. ಮನ್ಯಾಗಿನ ಒಂದು ಮಿಶಿನ್ ಹೆಂಗ ಸಪ್ಪಳಾ ಮಾಡ್ತದ, ಇಪ್ಪತ್ತು ಮಿಶಿನ್ ಹೆಂಗ ಮಾಡ್ತಾವ, ನನಗ ಗೊತ್ತಾಗೂದಿಲ್ಲೇನ್ರಿ?"

"ಮತ್ತ ಅವತ್ತ ಯಾಕ ಅನಲಿಲ್ಲವಾ?"

"ಹೆಂಗ ಅನ್ಲಿ? ನನ್ನ ಖೋಲಿ ನಿಮ್ಮ ಕೈಯಾಗ ಇತ್ತು. ಸುಳ್ಳು ಹೇಳ್ತೀರಿ ಅಂದ್ರ ನೀವು ಸಿಟ್ಟಾಗಿ ಕೊಡಲಾರದ ಬಿಟ್ರ? ಸೋಮವಾರದ ಒಳಗ ಕೊಡ್ತೀರಿ, ಕೊಡ್ತೀರಿ ಅಂತ ದಾರಿ ಕಾಯ್ದೆ. ರೊಟ್ಟಿ ತಿಂದೀರಲ್ಲ ಅಂತ." ನಕ್ಕಳು, ಬೆಂಚಿನ ಮೇಲೆ ನಕ್ಕ ಹಾಗೇ. "ಆ ಮುದುಕಿ ಮನಿಯವರು ಮಂಗಳವಾರತನಕ ತಡೀಲಿಲ್ರಿ, ಬ್ಯಾರೆಯಾಕಿನ್ನ ಇಟ್ಕೊಂಡ್ರು. ಇಡ್ತೇನ್ರಿ. ವೈನಿ ಕರಿಯಾಕತ್ತಾಳ."

ಹೊಸ ಜಾಹೀರಾತು ಬಂತು. ಈ ಸಲ ಪಿಯುಸಿ ಆಗಿರಬೇಕು ಎಂದು ಬರೆದಿತ್ತು. ಕಮಿಟಿಯ ಒಬ್ಬರ ಕಡೆಯ ಹೆಂಗಸಿಗೆ ಅಷ್ಟು ಓದಾಗಿತ್ತಂತೆ. ಯಾದಿಯ ಎರಡನೆಯವಳದು ನನ್ನ ಹಾಗೇ ಹತ್ತನೆಯವರೆಗೆ. ಅರ್ಜಿ ಹಾಕಲೂ ಬರಲಿಲ್ಲ. ತಿಂಗಳ ಕಡೆಗೆ ಮಗಳನ್ನು ದೂರದ ತಾಲೂಕಿನ ಸರ್ಕಾರಿ ಹಾಸ್ಟೆಲ್ಲಿಗೆ ಬಿಟ್ಟು, ತಾನು ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತಿಕ್ಕಲು ನಿಂತು, ಅಲ್ಲೇ ಉಗ್ರಾಣದ ಮೂಲೆಯಲ್ಲಿ ಮಲಗುತ್ತಾಳೆ ಎಂದು ಘಟಕದಲ್ಲಿ ಅವಳನ್ನು ಬಲ್ಲ ಒಬ್ಬಳಿಂದ ಕೇಳಿದೆ. ಅದನ್ನು ಕೇಳಿದ ದಿನವೇ ನನ್ನ ತಿಂಗಳ ಪರೀಕ್ಷೆ ಮುಗಿದು ಕೆಲಸ ಕಾಯಂ ಆಯಿತು. ಎಲ್ಲರೂ ಪೇಢೆ ಕೇಳಿದರು. ಕೊಡಿಸಿದೆ.

ಈಗ ನಿನಗೆ ಒಂದು ಸಂಗತಿ ನೆನಪು ಮಾಡಿಕೊಡುತ್ತೇನೆ. ಹೋದ ವರ್ಷ ಧಾರವಾಡದ ಕಾಯಿಪಲ್ಯ ಮಾರ್ಕೆಟ್ಟಿನಲ್ಲಿ ಒಬ್ಬ ಹೆಣ್ಣುಮಗಳು ನಮ್ಮನ್ನು ತಡೆದು ಮಾತಾಡಿಸಿದಳು. ಕೈಯ ಚರ್ಮ ಸೋಡಾದ ನೀರಿಗೆ ಬೆಳ್ಳಗೆ ಬಿರುಕು ಬಿಟ್ಟಿತ್ತು. ನೀನು ಮೆಂತ್ಯದ ಸಿವುಡು ಹಿಡಿದುಕೊಂಡಿದ್ದೆ. ಅವಳು ನನ್ನನ್ನು ನೋಡಲಿಲ್ಲ, ನಿನ್ನನ್ನೇ ನೋಡಿದಳು, ಗದ್ದ ಹಿಡಿದು ಮುದ್ದು ಮಾಡಿದಳು.

"ಮೊಮ್ಮಗಳೇನ್ರಿ? ಎಷ್ಟು ಛಲೋ ಅದಾಳ. ಏನು ಓದ್ತೀಯವಾ?"

ನೀನು ಹೇಳಿದೆ.

"ಓದು, ಓದು. ನಮ್ಮಾಕೀನೂ ಓದತಿದ್ಲು, ಎಂಟನೇತ್ತದಾಗ ಬಿಟ್ಲು. ಅಲ್ಲವಾ, ನಿಮ್ಮಜ್ಜಿ ಮನ್ಯಾಗ ಭಾಳ ಹೊಲಿತಾರಲ್ಲಾ? ಎಷ್ಟು ಮಿಶಿನ್ ಅದಾವ ನಿಮ್ಮ ಮನ್ಯಾಗ?"

ನೀನು ನನ್ನ ಮುಖ ನೋಡಿದೆ. ಆಮೇಲೆ ಅವಳ ಕಡೆ ತಿರುಗಿ, ನಿಜವಿದ್ದದ್ದನ್ನೇ ಹೇಳಿದೆ.

"ಒಂದೂ ಇಲ್ರಿ."

"ಒಂದೂ ಇಲ್ಲಾ?" ಅವಳು ತಲೆಯಾಡಿಸಿದಳು. "ನಾ ಇಪ್ಪತ್ತು ಅದಾವ ಅಂತ ತಿಳ್ಕೊಂಡಿದ್ದೆ ನೋಡು." ನಿನ್ನ ಕೈಗೆ ಎರಡು ಪೇರಲ ಹಣ್ಣು ಇಟ್ಟು ಹೋದಳು.

ಬಸ್ಸಿನಲ್ಲಿ ನೀನು ಅಜ್ಜಿ, ಅವರ್ಯಾರು ಎಂದು ಕೇಳಿದೆ. ಪರಿಚಯದವರು ಎಂದೆ. ನೀನು ಒಂದು ಪೇರಲ ತಿಂದು, ಇನ್ನೊಂದನ್ನು ನನಗೆ ಕೊಟ್ಟೆ. ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ. ಅದೇ ಚೀಲ. ತಿನ್ನಲಾಗಲಿಲ್ಲ, ಚೆಲ್ಲಲೂ ಆಗಲಿಲ್ಲ, ಒಳಗೇ ಕೊಳೆಯಿತು.

ಶಿಕ್ಕಾ ಒತ್ತಿದ ಆ ಝೆರಾಕ್ಸ್ ಈ ಪುಸ್ತಕದೊಳಗೆ ಇಟ್ಟಿದ್ದೇನೆ. ಒಕ್ಕಣೆ ಸರಿಯಿದೆ, ನಿಮ್ಮವ್ವ ಹೇಳಿದ್ದು. ಆ ಇನ್ನೊಂದು ಕಂಪನಿಯ ಕೆಲಸದ ಹೆಸರು, ಸಂದರ್ಶನದ ದಿನ ಬದಲಿಸಿ ಅದನ್ನೇ ಬರೆದು ಕಳಿಸು. ಅದಕ್ಕೂ ಮೊದಲು ಬೋರಲು ಹಾಕಿದ ಆ ಫೋನು ತಿರುಗಿಸಿ ಅವರಿಗೆ ಮಾತಾಡು. ಅವರ ಡ್ರಾವರಿನಲ್ಲಿ ನಿನ್ನ ಹೆಸರಿನ ಕೆಳಗೆ ಯಾರಿದ್ದಾರೋ ನಿನಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು.